'ಇಲ್ಲ' ಎಂಬ ಉತ್ತರಕ್ಕೆ ಎಷ್ಟು ಅಂಕ? ಕನ್ನಡದ ತೃಪ್ತಿ ಸಮೀಕ್ಷೆಗಳಲ್ಲಿ ವಿಲೋಮ ಹೇಳಿಕೆಗಳು: ಒಂದು ವಿಮರ್ಶೆ

1. ಸಮಸ್ಯೆಯ ಸ್ವರೂಪ

ಲೈಕರ್ಟ್ ಮಾದರಿಯ ಪ್ರಶ್ನಾವಳಿಯಲ್ಲಿ ಕೆಲವು ಹೇಳಿಕೆಗಳನ್ನು ಉದ್ದೇಶಪೂರ್ವಕವಾಗಿ ತಿರುಗಿಸಿ ಬರೆಯುವ ಪದ್ಧತಿ ಹಳೆಯದು. ರೆನ್ಸಿಸ್ ಲೈಕರ್ಟ್ 1932ರಲ್ಲಿ ಈ ಮಾಪಕವನ್ನು ಮಂಡಿಸಿದಾಗಲೇ, ಹೇಳಿಕೆಗಳೆಲ್ಲ ಒಂದೇ ದಿಕ್ಕಿಗೆ ವಾಲಿರಬಾರದೆಂಬ ಸಲಹೆಯೂ ಅದರ ಜೊತೆಗಿತ್ತು. ಏನನ್ನು ಕೇಳಿದರೂ 'ಒಪ್ಪುತ್ತೇನೆ' ಎನ್ನುವ ಒಲವು ಜನರಲ್ಲಿರುತ್ತದೆ. ಅರ್ಧದಷ್ಟು ಹೇಳಿಕೆಗಳು ವಿರುದ್ಧ ದಿಕ್ಕಿನಲ್ಲಿದ್ದರೆ ಆ ಒಲವು ತಾನಾಗಿಯೇ ಸರಿತೂಗುತ್ತದೆ ಎಂಬುದು ಇದರ ಹಿಂದಿನ ತರ್ಕ. ಅಂಕ ನೀಡುವಾಗ ವಿಲೋಮ ಹೇಳಿಕೆಗೆ ಬಂದ ಸಂಖ್ಯೆಯನ್ನು ಆರರಿಂದ ಕಳೆಯಲಾಗುತ್ತದೆ: ಐದು ಒಂದಾಗುತ್ತದೆ, ನಾಲ್ಕು ಎರಡಾಗುತ್ತದೆ, ಮೂರು ಮೂರಾಗಿಯೇ ಉಳಿಯುತ್ತದೆ.

ಸಂಶೋಧನಾ ವಿಧಾನದ ತರಗತಿಗಳಲ್ಲಿ ಇದನ್ನು ಒಂದು ಲೆಕ್ಕದ ನಿಯಮವಾಗಿ ಕಲಿಸಲಾಗುತ್ತದೆ. ಆದರೆ `6 - x` ಎಂಬ ಸೂತ್ರದೊಳಗೆ ಲೆಕ್ಕದ ಜೊತೆಗೆ ಭಾಷೆಯ ಬಗೆಗಿನ ಒಂದು ಪ್ರತಿಪಾದನೆಯೂ ಅಡಗಿದೆ. ಒಂದು ನಿಷೇಧ ವಾಕ್ಯವನ್ನು ಒಪ್ಪುವುದೂ ಅದರ ವಿಧಿವಾಕ್ಯವನ್ನು ನಿರಾಕರಿಸುವುದೂ ಒಂದೇ ಅಳತೆಯ ಎರಡು ಮುಖಗಳೆಂದು ಈ ಸೂತ್ರ ನಂಬುತ್ತದೆ. ಕನ್ನಡದಲ್ಲಿ ಈ ನಂಬಿಕೆ ಎಲ್ಲಿ ನಿಲ್ಲುತ್ತದೆ, ಎಲ್ಲಿ ಕುಸಿಯುತ್ತದೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ನಮ್ಮ ವಾದ ಇಷ್ಟು: ವಿಲೋಮ ಹೇಳಿಕೆಯಿಂದ ಹುಟ್ಟುವ ತಪ್ಪು ಸರಾಸರಿಗಳಲ್ಲಿ ಒಂದು ಬಗೆ ಲೆಕ್ಕದ ತಪ್ಪಿನಿಂದ ಬರುತ್ತದೆ, ಅದನ್ನು ತಿದ್ದಬಹುದು. ಇನ್ನೊಂದು ಬಗೆ, ಲೆಕ್ಕವನ್ನು ಸರಿಯಾಗಿ ಮಾಡಿದಾಗಲೇ ಹುಟ್ಟುತ್ತದೆ. ಅದರ ಮೂಲ ಕನ್ನಡದ ನಿಷೇಧದಲ್ಲಿದೆ. ಸಂಖ್ಯಾಶಾಸ್ತ್ರ ಅದನ್ನು ತಾನಾಗಿ ಕಾಣಲಾರದು.

2. ಐದು ಹೇಳಿಕೆಗಳ ಒಂದು ಮಾಪಕ

ಚರ್ಚೆಗೆ ಆಧಾರವಾಗಿ ಒಂದು ಸಣ್ಣ ಮಾಪಕವನ್ನು ರಚಿಸಿಕೊಳ್ಳೋಣ. ಕುಣಿಗಲ್ ತಾಲ್ಲೂಕಿನ ಹುಲಿಯೂರುದುರ್ಗದಂತಹ ಒಂದು ಹೋಬಳಿ ಕೇಂದ್ರವನ್ನು ಊಹಿಸಿಕೊಳ್ಳಬಹುದು. ಸುತ್ತಲಿನ ಹಳ್ಳಿಗಳವರು ಜಾತಿ, ಆದಾಯ ಪ್ರಮಾಣಪತ್ರಗಳಿಗಾಗಿ ಅಲ್ಲಿನ ಒಂದು ಸೇವಾ ಕಚೇರಿಗೆ ಬರುತ್ತಾರೆ. ಅವರ ತೃಪ್ತಿಯನ್ನು ಅಳೆಯಲು ಕ್ಷೇತ್ರ ಸಹಾಯಕರು ಹೇಳಿಕೆಗಳನ್ನು ಓದಿ ಹೇಳಿ ಉತ್ತರ ಗುರುತಿಸಿಕೊಳ್ಳುತ್ತಾರೆ. ಇಲ್ಲಿನ ಅಂಕಿಗಳೆಲ್ಲ ವಾದಕ್ಕಾಗಿ ರಚಿಸಿಕೊಂಡವು. ಅವು ಯಾವ ಕಚೇರಿಯ ಅಳತೆಯೂ ಅಲ್ಲ.

(1) ಕಚೇರಿಯವರು ನನ್ನ ಮಾತನ್ನು ಗಮನವಿಟ್ಟು ಕೇಳಿದರು.
(2) ಹೇಳಿದ ದಿನಕ್ಕೆ ನನಗೆ ಪತ್ರ ಸಿಕ್ಕಿತು.
(3) ಅರ್ಜಿಯಲ್ಲಿದ್ದ ಭಾಷೆ ನನಗೆ ಅರ್ಥವಾಯಿತು.
(4) ನನ್ನ ಕೆಲಸ ಸುಲಭವಾಗಿ ಆಗಲಿಲ್ಲ.
(5) ಒಂದೇ ಕೆಲಸಕ್ಕೆ ನಾನು ಮತ್ತೆ ಮತ್ತೆ ಅಲೆಯಬೇಕಾಯಿತು.

ನಾಲ್ಕನೆಯದೂ ಐದನೆಯದೂ ವಿಲೋಮ ಹೇಳಿಕೆಗಳು. ಸಮೀಕ್ಷೆಯ ಕೈಪಿಡಿಗಳು ಇವೆರಡನ್ನೂ ಒಂದೇ ಗುಂಪಿಗೆ ಸೇರಿಸುತ್ತವೆ. ಭಾಷಾಶಾಸ್ತ್ರದ ದೃಷ್ಟಿಯಿಂದ ಅವು ಬೇರೆ ಬೇರೆ. ಐದನೆಯದು ಅರ್ಥದಲ್ಲಿ ಮಾತ್ರ ವಿರುದ್ಧ, ವ್ಯಾಕರಣದಲ್ಲಿ ವಿಧಿವಾಕ್ಯ. ನಾಲ್ಕನೆಯದು ವ್ಯಾಕರಣದಲ್ಲಿಯೇ ನಿಷೇಧವಾಕ್ಯ. ಈ ವ್ಯತ್ಯಾಸ ಮುಂದಿನ ಚರ್ಚೆಗೆ ಮುಖ್ಯವಾದುದು.

3. ಲೆಕ್ಕದ ತಪ್ಪು

ಮೊದಲು ಸರಳವಾದ ತಪ್ಪನ್ನು ನೋಡೋಣ. ತೃಪ್ತರಾದ ಒಬ್ಬರು 4, 4, 4, 2, 2 ಎಂದು ಉತ್ತರಿಸುತ್ತಾರೆ. ಕೊನೆಯ ಎರಡನ್ನು ತಿರುಗಿಸಿದರೆ ಸರಾಸರಿ 4.0. ತಿರುಗಿಸಲು ಮರೆತರೆ 3.2. ಅತೃಪ್ತರಾದ ಇನ್ನೊಬ್ಬರು 2, 2, 2, 4, 4 ಎಂದು ಉತ್ತರಿಸುತ್ತಾರೆ. ಅವರ ಸರಿಯಾದ ಸರಾಸರಿ 2.0, ತಿರುಗಿಸಲು ಮರೆತರೆ 2.8.

ಮರೆವು ಅಂಕವನ್ನು ಒಂದೇ ದಿಕ್ಕಿಗೆ ಜರುಗಿಸುವುದಿಲ್ಲ, ಎಲ್ಲರನ್ನೂ ನಡುಬಿಂದುವಿನ ಕಡೆಗೆ ಎಳೆಯುತ್ತದೆ. ಈ ಇಬ್ಬರ ನಡುವಿದ್ದ 2.0ರ ಅಂತರ 0.4ಕ್ಕೆ ಕುಗ್ಗಿದೆ, ಎಂದರೆ ಐದನೆಯ ಒಂದು ಭಾಗ ಮಾತ್ರ ಉಳಿದಿದೆ. ಒಟ್ಟು ಹೇಳಿಕೆಗಳು k, ವಿಲೋಮ ಹೇಳಿಕೆಗಳು r ಆಗಿದ್ದರೆ, ಹೀಗೆ ಏಕರೀತಿಯಾಗಿ ಉತ್ತರಿಸುವವರಲ್ಲಿ ಉಳಿಯುವ ಅಂತರ `(k - 2r)/k`. ಸರಿಯಾಗಿ ಅರ್ಧದಷ್ಟು ಹೇಳಿಕೆಗಳು ವಿಲೋಮವಾಗಿದ್ದರೆ ಇದು ಸೊನ್ನೆ: ತೃಪ್ತರೂ ಅತೃಪ್ತರೂ 3.0ರಲ್ಲಿಯೇ ನಿಲ್ಲುತ್ತಾರೆ. ಜನ ಅತೃಪ್ತರಾಗಿರುವ ಕಡೆ ಈ ಮರೆವು ತೃಪ್ತಿಯ ಅಂಕವನ್ನು ಏರಿಸುತ್ತದೆ. ಕೆಟ್ಟ ಸೇವೆ ನೀಡುವ ಕಚೇರಿಗೆ ಇದರಿಂದ ಲಾಭ, ಒಳ್ಳೆಯ ಕಚೇರಿಗೆ ನಷ್ಟ.

ಇದು ಅಪರೂಪದ ತಪ್ಪಲ್ಲ. ಹತ್ತು ಹೇಳಿಕೆಗಳು ಒಂದರ ನಂತರ ಒಂದು ದಿಕ್ಕು ಬದಲಿಸುವ 'ಸಿಸ್ಟಮ್ ಯೂಸಬಿಲಿಟಿ ಸ್ಕೇಲ್' ಎಂಬ ಬಳಕೆ-ಸುಲಭತೆಯ ಮಾಪಕವನ್ನು ಜೆಫ್ ಸಾರೊ ಮತ್ತು ಜೇಮ್ಸ್ ಲೂಯಿಸ್ 2011ರಲ್ಲಿ ಪರಿಶೀಲಿಸಿದರು. ಅವರು ನೋಡಿದ 27 ದತ್ತಾಂಶಗಳಲ್ಲಿ ಮೂರರಲ್ಲಿ ಸಂಶೋಧಕರೇ ಅಂಕಗಳನ್ನು ತಪ್ಪಾಗಿ ಸಂಕೇತಿಸಿದ್ದರು. ವೃತ್ತಿಪರರ ಕೈಯಲ್ಲಿಯೇ ಹೀಗಾದರೆ ಪ್ರಬಂಧದ ಗಡುವಿನ ಒತ್ತಡದಲ್ಲಿರುವ ವಿದ್ಯಾರ್ಥಿಯ ಕೈಯಲ್ಲಿ ಏನಾಗಬಹುದೆಂದು ಊಹಿಸುವುದು ಕಷ್ಟವಲ್ಲ.

ಮರೆವಿನಷ್ಟೇ ಸಾಮಾನ್ಯವಾದುದು ಎರಡು ಸಲ ತಿರುಗಿಸುವುದು. ಕೆಳಗಿನ ಆದೇಶಗಳು ಮೂಲ ಸ್ತಂಭವನ್ನೇ ಅಳಿಸಿ ಬರೆಯುತ್ತವೆ.

```
d$q4 <- 6 - d$q4
d$q5 <- 6 - d$q5
```

ಮರುದಿನ ಅದೇ ಕಡತವನ್ನು ತೆರೆದು ಇವನ್ನು ಇನ್ನೊಮ್ಮೆ ಓಡಿಸಿದರೆ ಅಂಕಗಳು ಮೊದಲಿನ ಸ್ಥಿತಿಗೆ ಮರಳುತ್ತವೆ, ಎಂದರೆ ತಿರುಗಿಸದಿದ್ದಂತೆಯೇ ಆಗುತ್ತದೆ. ಎಚ್ಚರಿಕೆಯ ಸಂದೇಶ ಯಾವುದೂ ಬರುವುದಿಲ್ಲ. ತಿರುಗಿಸಿದ ಅಂಕಕ್ಕೆ `d$q4r` ಎಂದು ಬೇರೆ ಹೆಸರಿಟ್ಟು ಮೂಲವನ್ನು ಹಾಗೆಯೇ ಉಳಿಸಿಕೊಂಡರೆ ಈ ತೊಂದರೆ ನೀಗುತ್ತದೆ. ಲೆಕ್ಕದ ತಪ್ಪಿನ ಕಥೆ ಇಲ್ಲಿಗೆ ಮುಗಿಯುತ್ತದೆ.

4. ಲೆಕ್ಕ ಸರಿಯಿದ್ದಾಗ ಹುಟ್ಟುವ ತಪ್ಪು

ಎರಡನೆಯ ಬಗೆಗೆ ಬರೋಣ. ಸಹಾಯಕರು ನಾಲ್ಕನೆಯ ಹೇಳಿಕೆಯನ್ನು ಓದುತ್ತಾರೆ: "ನನ್ನ ಕೆಲಸ ಸುಲಭವಾಗಿ ಆಗಲಿಲ್ಲ. ಇದನ್ನು ಒಪ್ಪುತ್ತೀರಾ?" ಮೂರು ಸಲ ಕಚೇರಿಗೆ ಬಂದು ಹಿಂದಿರುಗಿದ ಒಬ್ಬ ಹಿರಿಯರು ಹೇಳುತ್ತಾರೆ: "ಇಲ್ಲ ಕಣಪ್ಪ, ಆಗ್ಲಿಲ್ಲ." ಅವರ ಅಭಿಪ್ರಾಯದಲ್ಲಿ ಸಂಶಯವಿಲ್ಲ, ಅವರು ಹೇಳಿಕೆಯನ್ನು ಪೂರ್ತಿ ಒಪ್ಪಿದ್ದಾರೆ. ಆದರೆ ಸಹಾಯಕರ ಕಾಗದದಲ್ಲಿರುವ ಆಯ್ಕೆಗಳು 'ಒಪ್ಪುತ್ತೇನೆ', 'ಒಪ್ಪುವುದಿಲ್ಲ' ಎಂಬವು. ಉತ್ತರದ ಮೊದಲ ಪದ 'ಇಲ್ಲ'. ಆಯ್ಕೆಗಳಲ್ಲಿ 'ಇಲ್ಲ' ಇರುವುದು 'ಒಪ್ಪುವುದಿಲ್ಲ' ಎಂಬಲ್ಲಿ. ಕೈ ಅತ್ತ ಹೋಗುತ್ತದೆ, 2 ದಾಖಲಾಗುತ್ತದೆ. ಮುಂದೆ ಸಂಶೋಧಕರು ನಿಯಮಕ್ಕೆ ಸರಿಯಾಗಿ ಅದನ್ನು ತಿರುಗಿಸುತ್ತಾರೆ. ಅದು 4 ಆಗುತ್ತದೆ. ಅಲೆದು ಬೇಸತ್ತವರು ತೃಪ್ತರ ಸಾಲಿಗೆ ಸೇರುತ್ತಾರೆ. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ, ಲೆಕ್ಕದಲ್ಲಿಯೂ ತಪ್ಪಿಲ್ಲ.

ಇದರ ಕಾರಣ ಕನ್ನಡದ ಉತ್ತರ ವ್ಯವಸ್ಥೆಯಲ್ಲಿದೆ. ನಿಷೇಧ ಪ್ರಶ್ನೆಗೆ ಬರುವ ಉತ್ತರಪದ ಏನನ್ನು ಸೂಚಿಸುತ್ತದೆ ಎಂಬುದರಲ್ಲಿ ಭಾಷೆಗಳು ಭಿನ್ನವಾಗಿವೆ. ಕೆಲವು ಭಾಷೆಗಳಲ್ಲಿ ಅದು ಕೇಳಿದವರ ಮಾತು ಸರಿಯೇ ತಪ್ಪೇ ಎಂಬುದನ್ನು ಹೇಳುತ್ತದೆ. ಜಪಾನಿ ಇದಕ್ಕೆ ಮತ್ತೆ ಮತ್ತೆ ಉಲ್ಲೇಖಿಸುವ ಉದಾಹರಣೆ. ಇನ್ನು ಕೆಲವು ಭಾಷೆಗಳಲ್ಲಿ ಅದು ಉತ್ತರವಾಕ್ಯದ ವಿಧಿ-ನಿಷೇಧವನ್ನು ಹೇಳುತ್ತದೆ. ಇಂಗ್ಲಿಷ್ ಹೆಚ್ಚಾಗಿ ಈ ಕಡೆಗಿದೆ. ಆಡುಗನ್ನಡ ಎರಡನ್ನೂ ಬಳಸುತ್ತದೆ. "ಮದ್ದೂರು ಬಸ್ಸು ಬರ್ಲಿಲ್ವಾ?" ಎಂದು ಕೇಳಿದರೆ "ಇಲ್ಲ, ಬರ್ಲಿಲ್ಲ" ಎನ್ನಬಹುದು, "ಹೂಂ, ಬರ್ಲಿಲ್ಲ" ಎಂದೂ ಎನ್ನಬಹುದು. ಬಸ್ಸು ಬಂದಿದ್ದರೆ "ಇಲ್ಲ, ಬಂತು" ಎಂಬುದೂ ಸಹಜ, "ಹೂಂ, ಬಂತು" ಎಂಬುದೂ ಸಹಜ. ಹೀಗಾಗಿ ಉತ್ತರದ ಮೊದಲ ಪದದಿಂದ ಏನನ್ನೂ ನಿರ್ಧರಿಸಲಾಗದು. ಅರ್ಥವನ್ನು ನಿರ್ಧರಿಸುವುದು ಅದರ ನಂತರ ಮರುಕಳಿಸುವ ಕ್ರಿಯಾಪದ. ಮಾತುಕತೆಯಲ್ಲಿ ಆ ಕ್ರಿಯಾಪದ ಇದ್ದೇ ಇರುತ್ತದೆ. ಆದ್ದರಿಂದ ನಮಗೆ ನಿತ್ಯಜೀವನದಲ್ಲಿ ಗೊಂದಲವಾಗುವುದಿಲ್ಲ. ಪ್ರಶ್ನಾವಳಿಯ ಚೌಕದಲ್ಲಿ ಅದಕ್ಕೆ ಜಾಗವಿಲ್ಲ.

ಸಹಾಯಕರು ಹೇಳಿಕೆಯನ್ನು ಪ್ರಶ್ನೆಯಾಗಿ ಬದಲಿಸಿದರೆ ತೊಡಕು ಇನ್ನೂ ಹೆಚ್ಚುತ್ತದೆ. "ಕೆಲಸ ಸುಲಭವಾಗಿ ಆಗ್ಲಿಲ್ವಾ?" ಎಂಬ ವಾಕ್ಯ ಕನ್ನಡದಲ್ಲಿ ತಟಸ್ಥವಲ್ಲ. "ಊಟ ಚೆನ್ನಾಗಿಲ್ವಾ?" ಎಂದು ಅತಿಥಿಯನ್ನು ಕೇಳಿದಾಗ 'ಚೆನ್ನಾಗಿದೆ' ಎಂಬ ಉತ್ತರವನ್ನು ನಿರೀಕ್ಷಿಸಿಯೇ ಕೇಳುತ್ತೇವೆ. ಮುದ್ರಿತ ಹೇಳಿಕೆಯಲ್ಲಿರದ ಈ ನಿರೀಕ್ಷೆ ಸಹಾಯಕರ ಬಾಯಲ್ಲಿ ಸೇರಿಕೊಳ್ಳುತ್ತದೆ.

ಉತ್ತರ ಕೊಡುವವರೇ ಕಾಗದದ ಮೇಲೆ ಗುರುತು ಹಾಕಿದರೆ ಇದು ತಪ್ಪಬಹುದಲ್ಲವೆ ಎಂದು ಕೇಳಬಹುದು. ಆಗ ಬೇರೊಂದು ತೊಡಕು ಎದುರಾಗುತ್ತದೆ. ಕನ್ನಡದ ನಿಷೇಧ ವಾಕ್ಯದ ಕೊನೆಯಲ್ಲಿ, ಕ್ರಿಯಾಪದದೊಳಗೆ ಬೆಸೆದುಕೊಂಡು ಬರುತ್ತದೆ. 'ನನ್ನ ಕೆಲಸ ಸುಲಭವಾಗಿ ಆಗ-' ಎಂಬವರೆಗೂ ಓದುಗರ ಮನಸ್ಸಿನಲ್ಲಿ ಕಟ್ಟಿಕೊಳ್ಳುವುದು ಅನುಕೂಲಕರವಾದ ಚಿತ್ರ; ಅದು ಕವುಚಿ ಬೀಳುವುದು ಕೊನೆಯ ಎರಡು ಅಕ್ಷರಗಳಲ್ಲಿ. ಬರಹದ ಶೈಲಿಯಲ್ಲಿ 'ಸಿಗದು', 'ಆಗದು' ಎಂಬಂತಹ ರೂಪಗಳನ್ನು ಬಳಸಿದರೆ ಗುರುತು ಇನ್ನಷ್ಟು ಕಿರಿದು. ಇಂಗ್ಲಿಷ್ ಪ್ರಶ್ನಾವಳಿಗಳಲ್ಲಿ ನಿಷೇಧದ ಪದವನ್ನು ದಪ್ಪಕ್ಷರದಲ್ಲಿ ಮುದ್ರಿಸುವ ಪರಿಹಾರವೊಂದಿದೆ. ಕನ್ನಡದಲ್ಲಿ ಹಾಗೆ ಬಿಡಿಸಿ ತೋರಿಸಲು ಪ್ರತ್ಯೇಕ ಪದವೇ ಇಲ್ಲ. ಇದರ ಮೇಲೆ 'ಒಪ್ಪುವುದಿಲ್ಲ' ಎಂಬ ಆಯ್ಕೆಯೂ ನಿಷೇಧರೂಪವೇ. ಕೆಲಸ ಸುಲಭವಾಗಿ ಆದವರು 'ಆಗಲಿಲ್ಲ' ಎಂಬುದನ್ನು 'ಒಪ್ಪುವುದಿಲ್ಲ' ಎಂದು ಗುರುತಿಸಬೇಕು. ಸರಳವಾದ ಸಂತೋಷವನ್ನು ಎರಡು ನಿಷೇಧಗಳ ಮೂಲಕ ಹೇಳಬೇಕು.

5. ತಿರುಗಿಸಿದ್ದು ವಿರುದ್ಧವೇ?

ಇನ್ನೊಂದು ಪ್ರಶ್ನೆ ಅರ್ಥವಿಜ್ಞಾನಕ್ಕೆ ಸೇರಿದ್ದು. 'ತೃಪ್ತಿಯಿದೆ' ಎಂಬುದನ್ನು ತಿರುಗಿಸಬೇಕಾದಾಗ ಅನುವಾದಕರ ಮುಂದೆ ಎರಡು ದಾರಿಗಳಿವೆ: 'ತೃಪ್ತಿಯಿಲ್ಲ' ಮತ್ತು 'ಅತೃಪ್ತಿಯಿದೆ'. ಮೊದಲನೆಯದು ಮೂಲದ ನಿರಾಕರಣೆ; ಒಂದು ನಿಜವಾದರೆ ಇನ್ನೊಂದು ಸುಳ್ಳಾಗಲೇಬೇಕು. ಎರಡನೆಯದು ಮೂಲದ ವಿರುದ್ಧ ತುದಿ. ಎರಡೂ ಒಟ್ಟಿಗೆ ಸುಳ್ಳಾಗಲು ಸಾಧ್ಯ. ಕಚೇರಿಗೆ ಬಂದು, ಕೆಲಸ ಮುಗಿಸಿ, ಹೇಳಿಕೊಳ್ಳುವಂತಹ ಯಾವ ಭಾವನೆಯೂ ಇಲ್ಲದೆ ಮನೆಗೆ ಹೋದವರು ಈ ನಡುವಿನ ಜಾಗದಲ್ಲಿದ್ದಾರೆ. ಅವರು 'ತೃಪ್ತಿಯಿದೆ' ಎಂಬುದಕ್ಕೆ 2 ಕೊಡುತ್ತಾರೆ. 'ತೃಪ್ತಿಯಿಲ್ಲ' ಎಂಬುದಕ್ಕೆ 4 ಕೊಟ್ಟರೆ ತಿರುಗಿಸಿದ ಮೇಲೆ 2 ಆಗುತ್ತದೆ, ಲೆಕ್ಕ ಕೂಡಿಬರುತ್ತದೆ. 'ಅತೃಪ್ತಿಯಿದೆ' ಎಂಬುದಕ್ಕೂ ಅವರು 2 ಕೊಡುತ್ತಾರೆ. ತಿರುಗಿಸಿದರೆ ಅದು 4. ಮನಸ್ಸು ಒಂದೇ, ಅನುವಾದಕರ ಆಯ್ಕೆಯಿಂದಾಗಿ ಅಂಕ ಎರಡು.

'ತುಂಬಾ' ಎಂಬಂತಹ ಪರಿಮಾಣವಾಚಕ ಸೇರಿದರೆ ನಿಷೇಧದ ವ್ಯಾಪ್ತಿಯೇ ಅನಿಶ್ಚಿತವಾಗುತ್ತದೆ. 'ಸೇವೆ ನನಗೆ ಪೂರ್ತಿ ತೃಪ್ತಿ ಕೊಡಲಿಲ್ಲ' ಎಂಬುದನ್ನು ಒಪ್ಪಿದವರು ಸ್ವಲ್ಪ ಕೊರತೆಯನ್ನು ಹೇಳುತ್ತಿರಬಹುದು, ಎಂದರೆ ಹೆಚ್ಚುಕಡಿಮೆ ತೃಪ್ತರೇ ಆಗಿರಬಹುದು. `6 - x` ಅವರನ್ನು ಪೂರ್ಣ ಅತೃಪ್ತರೊಂದಿಗೆ ಕೂರಿಸುತ್ತದೆ.

ಭಾಷೆ ಬದಲಾದಾಗ ವಿಲೋಮ ಹೇಳಿಕೆಗಳು ಬೇರೆಯಾಗಿ ವರ್ತಿಸುತ್ತವೆ ಎಂಬುದು ನಮ್ಮಲ್ಲಿ ಮಾತ್ರ ಕಂಡ ಸಂಗತಿಯಲ್ಲ. ನ್ಯಾನ್ಸಿ ವಾಂಗ್, ಏರಿಕ್ ರಿಂಡ್‌ಫ್ಲೈಷ್, ಜೇಮ್ಸ್ ಬರೋಸ್ ಅವರು 2003ರಲ್ಲಿ ಅಮೆರಿಕ ಮತ್ತು ಪೂರ್ವ ಏಷ್ಯಾದ ದೇಶಗಳಲ್ಲಿ ಭೌತಿಕ ಮೌಲ್ಯಗಳ ಮಾಪಕವೊಂದನ್ನು ಹೋಲಿಸಿದರು. ಮಿಶ್ರ ದಿಕ್ಕಿನ ಹೇಳಿಕೆಗಳು ಅಮೆರಿಕದ ಹೊರಗೆ ಆ ಮಾಪಕದ ರಚನೆಯನ್ನೇ ಕದಡುತ್ತಿದ್ದವು. ಹೇಳಿಕೆಗಳನ್ನು ಪ್ರಶ್ನೆಗಳಾಗಿ ಬದಲಿಸಬೇಕೆಂಬುದು ಅವರ ಸಲಹೆಯಾಗಿತ್ತು. ಅವರ ವಿವರಣೆ ಹೆಚ್ಚಾಗಿ ಸಂಸ್ಕೃತಿಯ ಕಡೆಗೆ ವಾಲುತ್ತದೆ. ಒಂದೊಂದು ಭಾಷೆಯ ನಿಷೇಧದ ರಚನೆಯನ್ನೂ ಉತ್ತರಪದಗಳ ಬಳಕೆಯನ್ನೂ ಆ ವಿವರಣೆಯೊಳಗೆ ತರುವ ಕೆಲಸ ಭಾಷಾಶಾಸ್ತ್ರಜ್ಞರದು.

6. ಸರಾಸರಿ ಏನನ್ನು ಮುಚ್ಚಿಡುತ್ತದೆ

ನಮ್ಮ ಮಾಪಕಕ್ಕೆ ಮರಳೋಣ. ನೂರು ಜನರಿದ್ದಾರೆ, ಎಲ್ಲರೂ ಅತೃಪ್ತರು, ಎಲ್ಲರ ಸರಿಯಾದ ಅಂಕ 2.0. ಅವರಲ್ಲಿ 30 ಜನರ 'ಇಲ್ಲ' ಎಂಬ ಉತ್ತರವನ್ನು ನಾಲ್ಕನೆಯ ಹೇಳಿಕೆಯಲ್ಲಿ 'ಒಪ್ಪುವುದಿಲ್ಲ' ಎಂದು ದಾಖಲಿಸಲಾಗಿದೆ. ತಿರುಗಿಸಿದ ಮೇಲೆ ಆ ಹೇಳಿಕೆಯ ಸರಾಸರಿ 2.6 ಆಗುತ್ತದೆ. ಒಟ್ಟು ಸರಾಸರಿ 2.12. ಒಟ್ಟು ಅಂಕವನ್ನು ನೋಡಿದವರಿಗೆ ಏನೂ ಆಗಿಲ್ಲವೆನಿಸುತ್ತದೆ. ಆದರೆ ವರದಿಗಳಲ್ಲಿ ಹೇಳಿಕೆವಾರು ಕೋಷ್ಟಕವೂ ಇರುತ್ತದೆ. ಅದರಲ್ಲಿ ನಾಲ್ಕನೆಯದು ಎಲ್ಲಕ್ಕಿಂತ ಮೇಲಿದೆ. 'ಕೆಲಸ ಸುಲಭವಾಗಿ ಆಗುವುದೇ ಈ ಕಚೇರಿಯ ಪ್ರಧಾನ ಶಕ್ತಿ' ಎಂಬ ತೀರ್ಮಾನ ಅಲ್ಲಿಂದ ಹುಟ್ಟುತ್ತದೆ. ಜನ ಯಾವುದರ ಬಗ್ಗೆ ನೇರವಾಗಿ ದೂರಿದರೋ ಅದೇ ಹೊಗಳಿಕೆಯಾಗಿ ಅಚ್ಚಾಗುತ್ತದೆ.

ಕ್ರಾನ್‌ಬಾಕ್ ಆಲ್ಫಾ ಇದರಿಂದ ರಕ್ಷಿಸುತ್ತದೆ ಎಂಬ ನಂಬಿಕೆ ಪ್ರಬಂಧಗಳಲ್ಲಿ ಸಾಮಾನ್ಯ. ಕೆಲವರ ಉತ್ತರ ಮಾತ್ರ ತಪ್ಪಾಗಿ ದಾಖಲಾದರೆ ಆಲ್ಫಾ ಸ್ವಲ್ಪ ಇಳಿಯುತ್ತದೆ, ಅಷ್ಟೆ. ಏಕೆ ಇಳಿಯಿತೆಂದು ಅದು ಹೇಳುವುದಿಲ್ಲ. ಇಳಿಕೆಯನ್ನು ಸರಿಪಡಿಸಲು ಬಳಸುವ ಉಪಾಯ ಇನ್ನೂ ಅಪಾಯಕಾರಿ. ಆರ್ ತಂತ್ರಾಂಶದ `psych` ಪೊಟ್ಟಣದಲ್ಲಿ `alpha(d, check.keys = TRUE)` ಎಂದು ಬರೆದರೆ, ಉಳಿದವುಗಳೊಂದಿಗೆ ಋಣ ಸಂಬಂಧ ತೋರುವ ಹೇಳಿಕೆಗಳನ್ನು ಅದು ತಾನೇ ತಿರುಗಿಸಿ ಒಂದು ಸೂಚನೆ ನೀಡುತ್ತದೆ. ನಾಲ್ಕನೆಯ ಹೇಳಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಉತ್ತರಗಳು ತಪ್ಪಾಗಿ ದಾಖಲಾಗಿದ್ದರೆ ಆ ಸಂಬಂಧ ಋಣವಾಗಬಹುದು. ಆಗ ತಂತ್ರಾಂಶ ಇಡೀ ಸ್ತಂಭವನ್ನು ತಿರುಗಿಸಿ ಸರಿಯಾಗಿ ದಾಖಲಾದವರನ್ನು ತಪ್ಪು ಮಾಡುತ್ತದೆ. ಆಲ್ಫಾ ಏರುತ್ತದೆ, ಸಂಶೋಧಕರು ನಿಶ್ಚಿಂತರಾಗುತ್ತಾರೆ. ಸ್ತಂಭದ ಮಟ್ಟದ ಪರಿಹಾರ ಒಬ್ಬೊಬ್ಬರ ಉತ್ತರದ ಮಟ್ಟದಲ್ಲಿ ಆದ ತಪ್ಪನ್ನು ಮುಟ್ಟಲಾರದು.

7. ಗುರುತಿಸುವುದು ಹೇಗೆ

ಎರಡು ಬಗೆಯ ವಿಲೋಮ ಹೇಳಿಕೆಗಳನ್ನು ಒಂದೇ ಮಾಪಕದಲ್ಲಿ ಇಟ್ಟುಕೊಂಡದ್ದರ ಪ್ರಯೋಜನ ಈಗ ಕಾಣುತ್ತದೆ. ಪ್ರತಿ ಕಾರಣಕ್ಕೂ ಬೇರೆ ಹೆಜ್ಜೆಗುರುತಿದೆ. ತಿರುಗಿಸಿದ ನಂತರವೂ ನಾಲ್ಕು ಮತ್ತು ಐದು ಎರಡೂ ಮೊದಲ ಮೂರರೊಂದಿಗೆ ಸ್ಪಷ್ಟವಾಗಿ ಋಣ ಸಂಬಂಧ ತೋರಿದರೆ ಅದು ಸಂಕೇತೀಕರಣದ ತಪ್ಪು: ತಿರುಗಿಸಿಲ್ಲ, ಅಥವಾ ಎರಡು ಸಲ ತಿರುಗಿಸಲಾಗಿದೆ. ಎರಡೂ ಧನ ಸಂಬಂಧವನ್ನೇ ತೋರಿದರೂ ಅದು ದುರ್ಬಲವಾಗಿದ್ದು, ಮೂಲ ಉತ್ತರಗಳಲ್ಲಿ 4, 4, 4, 4, 4 ಎಂಬಂತಹ ಸಾಲುಗಳು ಹೆಚ್ಚಾಗಿದ್ದರೆ ಅದು ಎಲ್ಲಕ್ಕೂ ಒಪ್ಪುವ ಒಲವು. ಐದನೆಯದು ಸರಿಯಾಗಿ ನಡೆದುಕೊಂಡು ನಾಲ್ಕನೆಯದು ಮಾತ್ರ ದಾರಿ ತಪ್ಪಿದ್ದರೆ, ದಿಕ್ಕು ಬದಲಾದದ್ದು ಕಾರಣವಲ್ಲ, ನಿಷೇಧವನ್ನು ಸಂಶಯಿಸಬೇಕು.

ಆ ಸಂಶಯವನ್ನು ಪರೀಕ್ಷಿಸಲು ನಾಲ್ಕನೆಯ ಹೇಳಿಕೆಯ ಅಂಕಗಳನ್ನು ಸಹಾಯಕರ ಪ್ರಕಾರ ವಿಂಗಡಿಸಿ ನೋಡಬೇಕು. ಮೇಲಿನ ಉದಾಹರಣೆಯಲ್ಲಿ ಇಬ್ಬರು ಸಹಾಯಕರು ತಲಾ 50 ಜನರನ್ನು ಕಂಡಿದ್ದು, ಆ 30 ತಪ್ಪು ದಾಖಲೆಗಳೂ ಒಬ್ಬರದೇ ಆಗಿದ್ದರೆ, ಅವರ ಹಾಳೆಗಳಲ್ಲಿ ಸರಾಸರಿ 3.2, ಇನ್ನೊಬ್ಬರದರಲ್ಲಿ 2.0. ಉಳಿದ ನಾಲ್ಕು ಹೇಳಿಕೆಗಳಲ್ಲಿ ಇಬ್ಬರಿಗೂ ವ್ಯತ್ಯಾಸವಿಲ್ಲ. ಜನರ ತೃಪ್ತಿಯೇ ಬೇರೆಯಾಗಿದ್ದರೆ ಅದು ಒಂದೇ ಹೇಳಿಕೆಯಲ್ಲಿ ಹೀಗೆ ಕಾಣಿಸಿಕೊಳ್ಳುತ್ತಿರಲಿಲ್ಲ. ಈ ಪರೀಕ್ಷೆಗೆ ಒಂದು ಮಿತಿಯಿದೆ: ಎಲ್ಲ ಸಹಾಯಕರೂ ಒಂದೇ ತಪ್ಪನ್ನು ಒಂದೇ ಪ್ರಮಾಣದಲ್ಲಿ ಮಾಡಿದರೆ ಅದು ಏನನ್ನೂ ತೋರಿಸದು. ಆಗ ಉಳಿಯುವ ದಾರಿ ಧ್ವನಿಮುದ್ರಣ ಒಂದೇ. ಕೆಲವು ಸಂದರ್ಶನಗಳನ್ನಾದರೂ ಕೇಳಿ, 'ಇಲ್ಲ', 'ಹೂಂ' ಎಂಬವುಗಳ ನಂತರ ಬಂದ ಕ್ರಿಯಾಪದವನ್ನು ಗುರುತಿನೊಂದಿಗೆ ಹೋಲಿಸಬೇಕು.

8. ಬದಲಿ ಏನು

ವಿಲೋಮ ಹೇಳಿಕೆಗಳನ್ನು ಪೂರ್ತಿಯಾಗಿ ಕೈಬಿಡಬೇಕೆಂದು ನಾವು ಹೇಳುತ್ತಿಲ್ಲ. ಕೈಬಿಟ್ಟರೆ ಎಲ್ಲಕ್ಕೂ ಒಪ್ಪುವ ಒಲವನ್ನು ಕಾಣುವ ಸಾಧನವೇ ಹೋಗುತ್ತದೆ. ನಿಷೇಧ ಪ್ರತ್ಯಯದಿಂದ ತಿರುಗಿಸುವುದನ್ನು ಬಿಟ್ಟು ಅರ್ಥದಿಂದ ತಿರುಗಿಸಬೇಕೆಂಬುದು ನಮ್ಮ ಸಲಹೆ. 'ಸುಲಭವಾಗಿ ಆಗಲಿಲ್ಲ' ಎಂಬುದರ ಬದಲು 'ಅಲೆಯಬೇಕಾಯಿತು' ಎಂಬುದು ಈ ಬಗೆಯದು; ಅದಕ್ಕೆ ಬರುವ 'ಇಲ್ಲ' ಎಂಬ ಉತ್ತರಕ್ಕೆ ಒಂದೇ ಅರ್ಥ. ಆದರೂ 'ಅಲೆಯದಿರುವುದು' ತೃಪ್ತಿಗೆ ಸಮವಲ್ಲ ಎಂಬ ಐದನೆಯ ವಿಭಾಗದ ಎಚ್ಚರಿಕೆ ಇಲ್ಲಿಗೂ ಅನ್ವಯಿಸುತ್ತದೆ. ಆದ್ದರಿಂದ ಇಂತಹ ಹೇಳಿಕೆಗಳ ಸರಾಸರಿಯನ್ನು ಉಳಿದವುಗಳೊಡನೆ ಬೆರೆಸುವ ಮೊದಲು ಪ್ರತ್ಯೇಕವಾಗಿ ಕೊಡುವುದು ಒಳಿತು.

ಸಾಧ್ಯವಿರುವಲ್ಲಿ 'ಒಪ್ಪುತ್ತೇನೆ-ಒಪ್ಪುವುದಿಲ್ಲ' ಎಂಬ ಚೌಕಟ್ಟನ್ನೇ ಬಿಡಬಹುದು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ನ್ಯಾಕ್ ಸಂಸ್ಥೆಯ ವಿದ್ಯಾರ್ಥಿ ತೃಪ್ತಿ ಸಮೀಕ್ಷೆಯ ಮೊದಲ ಪ್ರಶ್ನೆ ಪಠ್ಯಕ್ರಮದಲ್ಲಿ ಎಷ್ಟು ಭಾಗ ತರಗತಿಯಲ್ಲಿ ಮುಗಿಯಿತು ಎಂಬುದು. ಅದರ ಆಯ್ಕೆಗಳು ಶೇಕಡಾವಾರು ಪ್ರಮಾಣಗಳು. ಅಲ್ಲಿ ಒಪ್ಪುವುದಕ್ಕಾಗಲಿ ಅಲ್ಲಗಳೆಯುವುದಕ್ಕಾಗಲಿ ಏನೂ ಇಲ್ಲ. ಉತ್ತರವೇ ವಿಷಯವನ್ನು ಹೊತ್ತಿದೆ. ನಮ್ಮ ನಾಲ್ಕನೆಯ ಹೇಳಿಕೆಯನ್ನೂ 'ಈ ಕೆಲಸಕ್ಕೆ ನೀವು ಎಷ್ಟು ಸಲ ಬಂದಿರಿ?' ಎಂದು ಕೇಳಬಹುದಿತ್ತು. ಅದಕ್ಕೆ ಆ ಹಿರಿಯರು 'ಮೂರು ಸಲ' ಎನ್ನುತ್ತಿದ್ದರು. ಆ ಉತ್ತರವನ್ನು ಯಾವ ಸೂತ್ರದಿಂದಲೂ ತಿರುಗಿಸಬೇಕಾಗಿರಲಿಲ್ಲ.

ಪ್ರಬಂಧಗಳನ್ನು ಪರಿಶೀಲಿಸುವವರು ಇನ್ನು ಮುಂದೆ ಒಂದನ್ನು ಕಡ್ಡಾಯವಾಗಿ ಕೇಳಬಹುದು: ತೃಪ್ತಿಯ ಸರಾಸರಿಯ ಜೊತೆಗೆ, ಕನ್ನಡದಲ್ಲಿ ಓದಿ ಹೇಳಿದ ಹೇಳಿಕೆಗಳ ಪೂರ್ಣ ಪಾಠ, ಅವುಗಳಲ್ಲಿ ಯಾವುವು ನಿಷೇಧ ಪ್ರತ್ಯಯದಿಂದ ತಿರುಗಿದವು ಎಂಬ ಗುರುತು, ಮತ್ತು ತಿರುಗಿಸುವ ಮುನ್ನಿನ ಅಂಕಗಳ ಹಂಚಿಕೆ. ಈ ಮೂರೂ ಒಂದು ಪುಟದಲ್ಲಿ ಮುಗಿಯುತ್ತವೆ. ಅವಿಲ್ಲದೆ 2.12 ಎಂಬ ಸಂಖ್ಯೆ ಜನರ ಅಭಿಪ್ರಾಯವೋ ಸಹಾಯಕರ ಕಿವಿಗೆ ಬಿದ್ದ ಮೊದಲ ಪದವೋ ಎಂದು ಓದುಗರು ತಿಳಿಯಲಾರರು.